ಆಫರ್ ಒಪ್ಪಿದ ಮೇಲೆ: ಜಾಯಿನಿಂಗ್ ತಾರೀಖು, ದಾಖಲೆ ಪಟ್ಟಿ, ಮೊದಲ ದಿನದ ವಿವರ ರಿಕ್ರೂಟರ್ ಹತ್ತಿರ ಖಚಿತ ಮಾಡಿಕೊಳ್ಳುವುದು ಹೇಗೆ?

ಪ್ರಶ್ನೆ: ಬೆಂಗಳೂರಿನ ಒಂದು ಐಟಿ ಕಂಪನಿಯಲ್ಲಿ ನಾಲ್ಕು ವರ್ಷದಿಂದ ಇದ್ದೇನೆ. ಬೇರೆ ಕಂಪನಿಯ ಆಫರ್ ಒಪ್ಪಿಕೊಂಡು 2026ರ ಜೂನ್ 16ರಂದು ರಾಜೀನಾಮೆ ಕೊಟ್ಟೆ. ನೋಟಿಸ್ ಪಿರಿಯಡ್ 90 ದಿನ. ಆಫರ್ ಲೆಟರ್‌ನಲ್ಲಿ ಜಾಯಿನಿಂಗ್ ತಾರೀಖು ಸೆಪ್ಟೆಂಬರ್ 14 ಎಂದಿದೆ. ರಿಕ್ರೂಟರ್ ಫೋನಿನಲ್ಲಿ, "ಒಂದೆರಡು ದಿನ ಹೆಚ್ಚುಕಮ್ಮಿ ಆದ್ರೂ ನೋಡ್ಕೊಳ್ಳೋಣ, ಡಾಕ್ಯುಮೆಂಟ್ಸ್ ಎಲ್ಲಾ ತಗೊಂಡ್ಬನ್ನಿ ಸಾಕು" ಅಂದರು. ಪಟ್ಟಿ ಕಳಿಸಿಲ್ಲ. ಈಗಿನ ಕಂಪನಿಯವರು ರಿಲೀವಿಂಗ್ ಲೆಟರ್ ಕೊಡೋದು 45 ದಿನ ಆದ ಮೇಲೆ ಅನ್ನುತ್ತಾರೆ. ಜಾಸ್ತಿ ಕೇಳಿದರೆ ಆಫರ್ ವಾಪಸ್ ತಗೊಳ್ತಾರೇನೋ ಅಂತ ಭಯ. ಏನೇನು ಕೇಳಬೇಕು, ಹೇಗೆ ಕೇಳಬೇಕು?

ಉತ್ತರ: ಮೊದಲು ಭಯದ ಮಾತು ಮುಗಿಸೋಣ. ಜಾಯಿನಿಂಗ್ ವಿವರ ಕೇಳಿದ ಅಭ್ಯರ್ಥಿಯನ್ನು ಕಂಡರೆ ರಿಕ್ರೂಟರ್‌ಗೆ ಸಮಾಧಾನವೇ ಆಗುತ್ತದೆ. ಅವರ ತಲೆನೋವು ಬೇರೆ. 90 ದಿನದ ನೋಟಿಸ್ ಇರುವವರು ಆ ಮೂರು ತಿಂಗಳಲ್ಲಿ ಇನ್ನೂ ಎರಡು ಆಫರ್ ಹಿಡಿದು, ಕೊನೆಯ ವಾರ ಫೋನ್ ಎತ್ತದೆ ಕೂತುಬಿಡುತ್ತಾರೆ. ಎಷ್ಟು ಜನ ಆಫರ್ ಒಪ್ಪಿದರು ಅನ್ನುವುದಕ್ಕಿಂತ ಎಷ್ಟು ಜನ ನಿಜವಾಗಿ ಬಂದು ಸೇರಿದರು ಅನ್ನುವುದರ ಮೇಲೆಯೇ ರಿಕ್ರೂಟರ್ ಕೆಲಸದ ಲೆಕ್ಕ. ಹಾಗಾಗಿ "ನಾನು ಬರುತ್ತಿದ್ದೇನೆ, ಇಷ್ಟು ವಿವರ ಬೇಕು" ಅನ್ನುವ ಮೇಲ್ ಅವರಿಗೆ ಬೇಕಾದ ಮೇಲ್.

ಆದರೆ ಒಂದು ವಿಷಯ ಗೊತ್ತಿರಲಿ. ನಿಮ್ಮನ್ನು ಆಯ್ಕೆ ಮಾಡಿಸಿದ ರಿಕ್ರೂಟರ್ ಮತ್ತು ಮೊದಲ ದಿನ ನಿಮ್ಮನ್ನು ಒಳಗೆ ಸೇರಿಸಿಕೊಳ್ಳುವವರು ಒಂದೇ ಜನ ಅಲ್ಲ. ನಾನು ಹಲವು ವರ್ಷ ಇದ್ದದ್ದು ಎರಡನೆಯ ಕಡೆ, ಅಂದರೆ ಎಚ್‌ಆರ್ ಆಪರೇಷನ್ಸ್‌ನಲ್ಲಿ. ರಿಕ್ರೂಟರ್ ಫೋನಿನಲ್ಲಿ "ನೋಡ್ಕೊಳ್ಳೋಣ" ಅಂದದ್ದು ನಮ್ಮ ಕಡೆಗೆ ಬರುತ್ತಲೇ ಇರಲಿಲ್ಲ. ನಮ್ಮ ಮುಂದೆ ಇರುತ್ತಿದ್ದದ್ದು ಸಿಸ್ಟಮ್‌ನಲ್ಲಿ ನಮೂದಾದ ತಾರೀಖು ಮಾತ್ರ. ಆ ತಾರೀಖಿಗೆ ಲ್ಯಾಪ್‌ಟಾಪ್, ಐಡಿ ಕಾರ್ಡ್, ಇನ್ಶೂರೆನ್ಸ್ ಎಲ್ಲ ಸಿದ್ಧವಾಗುತ್ತಿತ್ತು. ಆದ್ದರಿಂದ ಫೋನಿನಲ್ಲಿ ಆದ ಮಾತನ್ನೆಲ್ಲ ಮೇಲ್‌ಗೆ ತನ್ನಿ. ಅದರ ಜೊತೆಗೇ "ಆನ್‌ಬೋರ್ಡಿಂಗ್ ನೋಡಿಕೊಳ್ಳುವವರು ಯಾರು, ಅವರನ್ನು ಈ ಮೇಲ್‌ಗೆ ಸೇರಿಸುತ್ತೀರಾ" ಅಂತ ಕೇಳಿ.

ಇನ್ನು ತಾರೀಖಿನ ವಿಷಯ. ನಿಮ್ಮ ಪತ್ರದಲ್ಲಿ ನನಗೆ ಕಂಡ ನಿಜವಾದ ತೊಂದರೆ ಇದು. ದಾಖಲೆ ಪಟ್ಟಿ ಆಮೇಲಿನದು.

ಜೂನ್ 16ಕ್ಕೆ 90 ಕೂಡಿಸಿದರೆ ಸೆಪ್ಟೆಂಬರ್ 14 ಬರುತ್ತದೆ. ಆಫರ್ ಲೆಟರ್ ಮಾಡುವಾಗ ಯಾರೋ ಹಾಗೇ ಲೆಕ್ಕ ಹಾಕಿ ತುಂಬಿರುವಂತಿದೆ. ಆದರೆ ನಿಮ್ಮ ಈಗಿನ ಕಂಪನಿ ಹೇಗೆ ಎಣಿಸುತ್ತದೆ? ರಾಜೀನಾಮೆ ಕೊಟ್ಟ ದಿನವನ್ನೇ ಮೊದಲ ದಿನ ಅಂದುಕೊಂಡರೆ ತೊಂಬತ್ತನೆಯ ದಿನ ಸೆಪ್ಟೆಂಬರ್ 13, ಭಾನುವಾರ. ಮರುದಿನದಿಂದ ಎಣಿಸಿದರೆ 14, ಸೋಮವಾರ. ಆ ಸೋಮವಾರ ಗಣೇಶ ಚೌತಿ. ಅಂದರೆ ಎರಡು ಲೆಕ್ಕದಲ್ಲೂ ನಿಮ್ಮ ಕೊನೆಯ ದಿನ ರಜೆಯ ಮೇಲೆ ಬೀಳುತ್ತದೆ. ಕೆಲವು ಕಂಪನಿಗಳು ಅದನ್ನು ಹಿಂದಕ್ಕೆ ತಂದು 11ನೇ ತಾರೀಖು, ಶುಕ್ರವಾರವೇ ಬಿಡುಗಡೆ ಮಾಡುತ್ತವೆ. ಇನ್ನು ಕೆಲವು, ಕೊನೆಯ ದಿನ ಕಚೇರಿಯಲ್ಲಿ ಇರಲೇಬೇಕು, ಲ್ಯಾಪ್‌ಟಾಪ್ ಒಪ್ಪಿಸಬೇಕು ಅಂತ ಮುಂದಕ್ಕೆ ದೂಡಿ 15, ಮಂಗಳವಾರ ಮಾಡುತ್ತವೆ.

15 ಆಯಿತು ಅನ್ನಿ. ಹೊಸ ಕಂಪನಿಯ ಕಾಗದದಲ್ಲಿ ನೀವು 14ಕ್ಕೇ ಸೇರಿದ್ದೀರಿ. ಹಳೆಯ ಕಂಪನಿಯ ಕಾಗದದಲ್ಲಿ 15ರವರೆಗೂ ಅಲ್ಲೇ ಇದ್ದೀರಿ. ಎರಡು ದಿನ ಎರಡೂ ಕಡೆ ನೌಕರಿ. ಸುಮ್ನೆ ಎರಡು ದಿನ ಅಲ್ವಾ ಅನ್ನಬೇಡಿ. ಸೇರಿದ ದಿನ ಮತ್ತು ಬಿಟ್ಟ ದಿನ ಎರಡೂ ಪಿಎಫ್ ದಾಖಲೆಗೆ ಹೋಗುತ್ತವೆ. ನಿಮ್ಮ ಯುಎಎನ್ ಅಡಿಯಲ್ಲಿ ಹಳೆಯ ಕಂಪನಿ, ಹೊಸ ಕಂಪನಿ ಎರಡೂ ಒಂದರ ಕೆಳಗೊಂದು ಕಾಣುತ್ತವೆ. ಹಿನ್ನೆಲೆ ಪರಿಶೀಲನೆ ಮಾಡುವ ಸಂಸ್ಥೆ ಈಗ ಮೊದಲು ನೋಡುವುದೇ ಆ ಪುಟವನ್ನು. ತಾರೀಖು ಒಂದರ ಮೇಲೊಂದು ಬಂದರೆ "ಎರಡು ಕಡೆ ಕೆಲಸ" ಅಂತ ವರದಿಯಲ್ಲಿ ಗುರುತು ಬೀಳುತ್ತದೆ. ಮೂರು ತಿಂಗಳಾದ ಮೇಲೆ ನೀವು ಕೂತು ವಿವರಣೆ ಬರೆಯಬೇಕಾಗುತ್ತದೆ. ಜೊತೆಗೆ, ಸೇರುವ ದಿನ ಸಹಿ ಹಾಕಿಸಿಕೊಳ್ಳುವ ಕಾಗದಗಳಲ್ಲಿ "ನಾನು ಸದ್ಯ ಬೇರೆಲ್ಲೂ ಕೆಲಸದಲ್ಲಿಲ್ಲ" ಅನ್ನುವ ಸಾಲು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಗೊತ್ತಿದ್ದೂ ಸುಳ್ಳಿಗೆ ಸಹಿ ಹಾಕಿದಂತಾಗುತ್ತದೆ.

ಆದ್ದರಿಂದ ಮೊದಲ ಮೇಲ್ ಹೊಸ ಕಂಪನಿಗಲ್ಲ. ಅದು ಈಗಿನ ಕಂಪನಿಯ ಎಚ್‌ಆರ್‌ಗೆ ಹೋಗಬೇಕು: "ನನ್ನ ರಾಜೀನಾಮೆ ಒಪ್ಪಿಗೆಯಾಗಿದೆ, ಕೊನೆಯ ಕೆಲಸದ ದಿನ ಯಾವುದು ಅಂತ ಬರಹದಲ್ಲಿ ತಿಳಿಸಿ." ಪೋರ್ಟಲ್‌ನಲ್ಲಿ ಒಂದು ತಾರೀಖು, ಮ್ಯಾನೇಜರ್ ಬಾಯಲ್ಲಿ ಇನ್ನೊಂದು ತಾರೀಖು ಇರುವುದು ಹೊಸದೇನಲ್ಲ. ಎಚ್‌ಆರ್ ಬರೆದು ಕಳಿಸಿದ್ದೇ ಲೆಕ್ಕಕ್ಕೆ. ಈ ಮೇಲ್‌ಗೆ ಇನ್ನೊಂದು ಉಪಯೋಗ ಇದೆ, ಅದನ್ನು ರಿಲೀವಿಂಗ್ ಲೆಟರ್ ವಿಷಯಕ್ಕೆ ಬಂದಾಗ ಹೇಳುತ್ತೇನೆ.

ಆ ಉತ್ತರ ಕೈಗೆ ಬಂದ ಮೇಲೆ ರಿಕ್ರೂಟರ್ ಹತ್ತಿರ ಹೋಗಿ. 14 ಹೊಸ ಕಂಪನಿಗೂ ಬಹುತೇಕ ರಜೆಯೇ ಇರುತ್ತದೆ. ಹಾಗಾಗಿ ತಾರೀಖು ಬದಲಾಯಿಸಿ ಅನ್ನುವುದಕ್ಕೆ ನೀವು ಸಂಕೋಚ ಪಡಬೇಕಾದ್ದೇ ಇಲ್ಲ. ಆದರೆ "16ಕ್ಕೆ ಬರುತ್ತೇನೆ" ಅಂತ ನೀವೇ ನಿರ್ಧರಿಸಿ ಹೇಳಬೇಡಿ. ದೊಡ್ಡ ಕಂಪನಿಗಳು ದಿನಾ ಹೊಸಬರನ್ನು ಸೇರಿಸಿಕೊಳ್ಳುವುದಿಲ್ಲ. ಕೆಲವು ಕಡೆ ಸೋಮವಾರ ಮಾತ್ರ, ಕೆಲವು ಕಡೆ ಸೋಮವಾರ ಮತ್ತು ಗುರುವಾರ, ಇನ್ನು ಕೆಲವು ಕಡೆ ತಿಂಗಳಿಗೆ ಎರಡೇ ಬ್ಯಾಚ್. "ಒಂದೆರಡು ದಿನ ಹೆಚ್ಚುಕಮ್ಮಿ" ಅಂದದ್ದು ಈ ಕಾರಣಕ್ಕೇ ಒಂದು ವಾರ ಆಗಿಬಿಡಬಹುದು. "ಸೆಪ್ಟೆಂಬರ್ 15ರ ನಂತರ ನಿಮ್ಮಲ್ಲಿ ಯಾವ ಯಾವ ದಿನ ಸೇರಬಹುದು?" ಅಂತ ಕೇಳಿ.

ಅವರು 17 ಗುರುವಾರ ಅಥವಾ 21 ಸೋಮವಾರ ಅಂದರು ಅಂತಿಟ್ಟುಕೊಳ್ಳಿ. ನಾನು ನಿಮ್ಮ ಜಾಗದಲ್ಲಿದ್ದರೆ 17 ಅನ್ನುತ್ತಿದ್ದೆ. 15ಕ್ಕೆ ಬಿಟ್ಟು 17ಕ್ಕೆ ಸೇರಿದರೆ ನಡುವೆ ಒಂದು ದಿನ ಉಳಿಯುತ್ತದೆ. ಲ್ಯಾಪ್‌ಟಾಪ್ ಒಪ್ಪಿಸುವುದು ಅರ್ಧ ದಿನ ಎಳೆದರೂ ತಾರೀಖು ಮೈಮೇಲೆ ಬರುವುದಿಲ್ಲ. ಊರಿಗೆ ಹೋಗಿಬರಬೇಕು, ಒಂದು ವಾರ ಬಿಡುವು ಬೇಕು ಅನ್ನುವವರಿಗೆ 21 ಹಿತ. ಆದರೆ ಎರಡು ವಿಷಯ ನೋಡಿಕೊಂಡು ಒಪ್ಪಿ.

ಒಂದು, ಸಂಬಳದ ಕಟ್‌ಆಫ್. ಪೇರೋಲ್ ಪಟ್ಟಿ ತಿಂಗಳ ಮಧ್ಯದಲ್ಲೋ 20ರ ಆಸುಪಾಸಿನಲ್ಲೋ ಮುಚ್ಚುತ್ತದೆ. ಅದರ ನಂತರ ಸೇರಿದವರಿಗೆ ಆ ತಿಂಗಳ ದಿನಗಳ ಸಂಬಳ ಮುಂದಿನ ತಿಂಗಳ ಸಂಬಳದ ಜೊತೆಗೇ ಬರುತ್ತದೆ. ಹಳೆಯ ಕಂಪನಿ ನೋಟಿಸ್ ಅವಧಿಯ ಕೊನೆಯ ತಿಂಗಳ ಸಂಬಳ ತಡೆಹಿಡಿದರೆ, ಆಗಸ್ಟ್ ಸಂಬಳದ ಮೇಲೆ ಅಕ್ಟೋಬರ್ ಕೊನೆಯವರೆಗೂ ಬದುಕಬೇಕಾಗುತ್ತದೆ. ಮನೆ ಬಾಡಿಗೆ, ಇಎಂಐ ಇರುವವರು ಈ ಕಟ್‌ಆಫ್ ದಿನ ಕೇಳಲೇಬೇಕು. ಎರಡು, ಇನ್ಶೂರೆನ್ಸ್. ಕಂಪನಿ ಕೊಡುವ ಮೆಡಿಕ್ಲೇಮ್ ಸಾಮಾನ್ಯವಾಗಿ ನಿಮ್ಮ ಕೊನೆಯ ದಿನಕ್ಕೇ ನಿಲ್ಲುತ್ತದೆ, ಹೊಸದು ಸೇರಿದ ದಿನದಿಂದ ಶುರುವಾಗುತ್ತದೆ. ನಡುವಿನ ದಿನಗಳಲ್ಲಿ ನಿಮಗೂ ಇಲ್ಲ, ಅಪ್ಪ ಅಮ್ಮನಿಗೂ ಇಲ್ಲ. ಮನೆಯಲ್ಲಿ ಯಾರಿಗಾದರೂ ಆಪರೇಷನ್ನೋ ಹೆರಿಗೆಯೋ ಹತ್ತಿರ ಇದ್ದರೆ ಆ ಅಂತರ ಕಡಿಮೆ ಮಾಡಿ. ಹೊಸ ಕಡೆ ಮನೆಯವರ ಹೆಸರು ಸೇರಿಸಲು ಎಷ್ಟು ದಿನದ ಗಡುವು ಅನ್ನುವುದನ್ನೂ ಕೇಳಿಟ್ಟುಕೊಳ್ಳಿ. ಆ ಕಿಟಕಿ ಮುಚ್ಚಿದರೆ ಅನೇಕ ಕಡೆ ಮುಂದಿನ ರಿನ್ಯೂವಲ್‌ವರೆಗೂ ತೆರೆಯುವುದಿಲ್ಲ.

ತಾರೀಖು ಬದಲಾಯಿತು ಅಂದರೆ ಹೊಸ ಆಫರ್ ಲೆಟರ್ ಅಥವಾ ಕಂಪನಿ ಐಡಿಯಿಂದ ಬಂದ ಮೇಲ್ ಕೈಯಲ್ಲಿರಲಿ. ವಾಟ್ಸಾಪ್‌ನಲ್ಲಿ ಬಂದ "ಓಕೆ" ಮತ್ತು ಹೆಬ್ಬೆಟ್ಟಿನ ಚಿತ್ರ ಸಾಲದು. ಎಷ್ಟೋ ಆಫರ್ ಲೆಟರ್‌ಗಳಲ್ಲಿ "ಈ ತಾರೀಖಿನೊಳಗೆ ಸೇರದಿದ್ದರೆ ಈ ಆಫರ್ ತಾನಾಗಿಯೇ ರದ್ದು" ಎಂಬ ಸಾಲು ಇರುತ್ತದೆ. ನಿಮ್ಮದರಲ್ಲೂ ಇದೆಯೇ ಅಂತ ಇವತ್ತೇ ಓದಿ ನೋಡಿ. ಇದ್ದರೆ, 14ಕ್ಕೆ ಹೋಗದೆ 17ಕ್ಕೆ ಹೋಗುವ ನಿಮ್ಮ ಹತ್ತಿರ ಇರುವ ಒಂದೇ ರಕ್ಷಣೆ ಆ ಮೇಲ್.

ಈಗ ರಿಲೀವಿಂಗ್ ಲೆಟರ್. 15ಕ್ಕೆ ಬಿಟ್ಟು 45 ದಿನ ಅಂದರೆ ಅಕ್ಟೋಬರ್ 30. ಸೇರುವ ದಿನ ಅದು ನಿಮ್ಮ ಕೈಯಲ್ಲಿ ಇರುವುದಿಲ್ಲ. "ಡಾಕ್ಯುಮೆಂಟ್ಸ್ ಎಲ್ಲಾ" ಅನ್ನುವ ಮಾತಿನಲ್ಲಿ ಇದೂ ಸೇರಿದೆ ಅಂತ ಆನ್‌ಬೋರ್ಡಿಂಗ್‌ನವರು ಅಂದುಕೊಂಡಿದ್ದರೆ 17ರ ಬೆಳಗ್ಗೆ ರಿಸೆಪ್ಷನ್‌ನಲ್ಲಿ ಕೂತು ಫೋನ್ ಮಾಡಬೇಕಾಗುತ್ತದೆ. ಇದು ಅಪರೂಪದ ಸಮಸ್ಯೆ ಏನಲ್ಲ, ಎಲ್ಲ ಕಂಪನಿಗಳಿಗೂ ಗೊತ್ತಿರುವುದೇ. ಅದಕ್ಕೇ ಬಹುತೇಕ ಕಡೆ ಪರ್ಯಾಯ ಇರುತ್ತದೆ: ಕೊನೆಯ ದಿನ ನಮೂದಾಗಿರುವ ರಾಜೀನಾಮೆ ಒಪ್ಪಿಗೆ ಮೇಲ್, ಅದರ ಜೊತೆಗೆ ಕೊನೆಯ ಮೂರು ತಿಂಗಳ ಪೇಸ್ಲಿಪ್. ಮೊದಲು ಈಗಿನ ಎಚ್‌ಆರ್ ಹತ್ತಿರ ಬರೆಸಿಕೊಳ್ಳಿ ಅಂದದ್ದು ಇದಕ್ಕೂ ಸೇರಿಸಿಯೇ. ನೀವು ಹೊಸ ಕಂಪನಿಗೆ ಕೇಳಬೇಕಾದ್ದು ಎರಡು: ಸೇರುವ ದಿನ ಇದನ್ನು ಒಪ್ಪುತ್ತೀರಾ, ಮತ್ತು ಅಸಲಿ ಪತ್ರ ಕೊಡಲು ಎಲ್ಲಿಯವರೆಗೆ ಸಮಯ ಕೊಡುತ್ತೀರಿ. ಅವರು 30 ದಿನ ಅಂದರೆ ಅಲ್ಲೇ ಎಚ್ಚರವಾಗಿ. ನಿಮ್ಮ ಪತ್ರ ಬರುವುದೇ ಅದಕ್ಕಿಂತ ತಡವಾಗಿ. "ನನ್ನ ಕಂಪನಿಯ ನಿಯಮ 45 ದಿನ, ನವೆಂಬರ್ 10ರವರೆಗೆ ಸಮಯ ಕೊಡಿ" ಅಂತ ಮೊದಲೇ ಬರೆದರೆ ಒಪ್ಪುತ್ತಾರೆ. ಸೇರಿದ ಮೇಲೆ, ಗಡುವು ಮೀರಿದ ಮೇಲೆ ಕೇಳಿದರೆ ಅದೇ ಮಾತು ನೆಪದಂತೆ ಕೇಳುತ್ತದೆ.

ಇಲ್ಲೊಂದು ಗೊಂದಲ ಹಲವರಿಗಿದೆ. ಹೊಸ ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದಿವೆ. ವೇತನ ಸಂಹಿತೆಯ ಪ್ರಕಾರ ರಾಜೀನಾಮೆ ಕೊಟ್ಟು ಹೋದವರ ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು. ಅದನ್ನು ಓದಿ "ರಿಲೀವಿಂಗ್ ಲೆಟರ್ ಕೂಡ ಎರಡು ದಿನದಲ್ಲಿ ಕೊಡಿ" ಅಂತ ವಾದಕ್ಕೆ ನಿಲ್ಲುವವರಿದ್ದಾರೆ. ಆ ಗಡುವು ವೇತನಕ್ಕೆ, ಪತ್ರಕ್ಕಲ್ಲ. ಪತ್ರ ಬೇಗ ಬೇಕು ಅಂದರೆ ದಾರಿ ಬೇರೆ. ನೋ ಡ್ಯೂಸ್ ಕ್ಲಿಯರೆನ್ಸ್ ಕೊನೆಯ ದಿನಕ್ಕೆ ಮೊದಲೇ ಶುರು ಮಾಡಿ. ಲ್ಯಾಪ್‌ಟಾಪ್, ಚಾರ್ಜರ್, ಐಡಿ ಕಾರ್ಡ್ ಒಪ್ಪಿಸಿದ್ದಕ್ಕೆ ಸ್ವೀಕೃತಿ ಮೇಲ್ ಪಡೆಯಿರಿ. ಪತ್ರ ತಡವಾಗುವುದು ಹೆಚ್ಚಾಗಿ ಯಾವುದೋ ಒಂದು ಇಲಾಖೆಯ ಕ್ಲಿಯರೆನ್ಸ್ ಬಾಕಿ ಉಳಿದು. ಅದು ಬಾಕಿ ಇದೆ ಅಂತ ನಿಮಗೆ ಯಾರೂ ಹೇಳಿರುವುದಿಲ್ಲ.

ದಾಖಲೆ ಪಟ್ಟಿಗೆ ಬರೋಣ. ಪಟ್ಟಿಯಲ್ಲಿ ಏನಿರುತ್ತದೆ ಅನ್ನುವುದು ನಿಮಗೆ ಅಂದಾಜಿರುತ್ತದೆ: ಎಸ್‌ಎಸ್‌ಎಲ್‌ಸಿಯಿಂದ ಡಿಗ್ರಿವರೆಗಿನ ಅಂಕಪಟ್ಟಿ, ಹಿಂದಿನ ಕೆಲಸಗಳ ಪತ್ರ, ಪೇಸ್ಲಿಪ್, ಬ್ಯಾಂಕ್ ಸ್ಟೇಟ್‌ಮೆಂಟ್, ಪ್ಯಾನ್, ಆಧಾರ್, ಯುಎಎನ್, ಕ್ಯಾನ್ಸಲ್ ಮಾಡಿದ ಚೆಕ್ ಮತ್ತು ಫೋಟೋ. ಆದರೂ ಪಟ್ಟಿಯನ್ನು ಈಗಲೇ ಕೇಳಿ ತರಿಸಿಕೊಳ್ಳಬೇಕು. ಯಾಕೆಂದರೆ ಇದರಲ್ಲಿ ಕೆಲವನ್ನು ಪಡೆಯಲು ವಾರಗಟ್ಟಲೆ ಬೇಕು. ನೀವು ವಿಟಿಯುನಲ್ಲಿ ಓದಿದ್ದರೆ ಕಾನ್ವೊಕೇಶನ್ ಸರ್ಟಿಫಿಕೇಟ್ ತಗೊಂಡಿದ್ದೀರಾ, ಇಲ್ಲಾ ಇನ್ನೂ ಪಿಡಿಸಿ ಒಂದೇ ಇದೆಯಾ ಅಂತ ನೋಡಿ. ಪ್ರೊವಿಷನಲ್ ಸರ್ಟಿಫಿಕೇಟ್‌ನಲ್ಲೇ ನಾಲ್ಕೈದು ವರ್ಷ ಕೆಲಸ ಮಾಡಿದ ಇಂಜಿನಿಯರ್‌ಗಳು ಬೇಕಾದಷ್ಟಿದ್ದಾರೆ. ಹೊಸ ಕಂಪನಿ ಪಿಡಿಸಿ ಒಪ್ಪುತ್ತದೆಯೇ ಅನ್ನುವುದು ಒಂದು ಸಾಲಿನ ಪ್ರಶ್ನೆ. ಒಪ್ಪುವುದಿಲ್ಲ ಅಂದರೆ ಅರ್ಜಿ ಹಾಕಲು ನಿಮಗೆ ಇನ್ನೂ ಸಮಯ ಇದೆ. ಯಾವುದೋ ಸೆಮಿಸ್ಟರ್‌ನ ಅಂಕಪಟ್ಟಿ ಕಳೆದಿದ್ದರೂ ಇದೇ ಮಾತು.

ಪಟ್ಟಿ ಬಂದಾಗ ಪ್ರತಿಯೊಂದರ ಮುಂದೆಯೂ ಒಂದು ಪ್ರಶ್ನೆ ಹಾಕಿಕೊಳ್ಳಿ: ಇದನ್ನು ಮೊದಲೇ ಪೋರ್ಟಲ್‌ಗೆ ಹಾಕಬೇಕಾ, ಆ ದಿನ ಅಸಲು ತೋರಿಸಬೇಕಾ, ಜೆರಾಕ್ಸ್ ಕೊಡಬೇಕಾ? ಇದು ಪಟ್ಟಿಯಲ್ಲಿ ಸ್ಪಷ್ಟವಿಲ್ಲದಿದ್ದರೆ ಕೇಳಿ. ಅಸಲು ದಾಖಲೆ ತೋರಿಸಿ ವಾಪಸ್ ತರುವುದಕ್ಕೆ ಮಾತ್ರ. "ಅಸಲು ಅಂಕಪಟ್ಟಿ ನಮ್ಮಲ್ಲೇ ಇರುತ್ತೆ" ಅಂದರೆ ಒಪ್ಪಬೇಡಿ. ಲ್ಯಾಪ್‌ಟಾಪ್‌ಗೆ ಡೆಪಾಸಿಟ್, ಪರಿಶೀಲನೆಗೆ ಶುಲ್ಕ ಅಂತ ಹಣ ಕೇಳಿದರೆ ಅದು ಕಂಪನಿಯೇ ಅಲ್ಲ, ಮೇಲ್ ಐಡಿಯ ಕೊನೆಯ ಭಾಗ ಇನ್ನೊಮ್ಮೆ ನೋಡಿ.

ಇನ್ನೊಂದು ಚಿಲ್ಲರೆ ವಿಷಯ, ಆದರೆ ನಮ್ಮ ಮೇಜಿನ ಮೇಲೆ ಪದೇ ಪದೇ ಬರುತ್ತಿದ್ದದ್ದು. ಡೌನ್‌ಲೋಡ್ ಮಾಡಿದ ಇ-ಆಧಾರ್ ಫೈಲ್‌ಗೆ ಪಾಸ್‌ವರ್ಡ್ ಇರುತ್ತದೆ: ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ ದೊಡ್ಡಕ್ಷರದಲ್ಲಿ, ಮುಂದೆ ಹುಟ್ಟಿದ ವರ್ಷ. ಹಾಗೇ ಅಪ್‌ಲೋಡ್ ಮಾಡಿದರೆ ನಮ್ಮ ಕಡೆ ಅದು ತೆರೆಯುವುದಿಲ್ಲ, ದಾಖಲೆ "ರಿಜೆಕ್ಟೆಡ್" ಅಂತ ವಾಪಸ್ ಬರುತ್ತದೆ. ಬ್ಯಾಂಕ್ ಸ್ಟೇಟ್‌ಮೆಂಟ್, ಪೇಸ್ಲಿಪ್‌ಗಳದ್ದೂ ಇದೇ ಕಥೆ. ಪಾಸ್‌ವರ್ಡ್ ತೆಗೆದು ಪಿಡಿಎಫ್ ಆಗಿ ಉಳಿಸಿ ಹಾಕಿ. ಆದರೆ ಕಂಪನಿಯ ಪೋರ್ಟಲ್‌ಗೆ ಮಾತ್ರ. ವಾಟ್ಸಾಪ್‌ನಲ್ಲಿ ಯಾರಿಗೂ ಆಧಾರ್, ಪ್ಯಾನ್ ಕಳಿಸಬೇಡಿ. ಗುರುತಿಗಷ್ಟೇ ಕೇಳಿದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಸಾಕು.

ಹೆಸರಿನ ವಿಷಯಕ್ಕೆ ಸ್ವಲ್ಪ ಜಾಸ್ತಿ ಜಾಗ ಕೊಡುತ್ತೇನೆ, ಯಾಕೆಂದರೆ ನಮ್ಮ ರಾಜ್ಯದವರಿಗೆ ಇದು ಹೆಚ್ಚು ಕಾಡುತ್ತದೆ. ಎಸ್‌ಎಸ್‌ಎಲ್‌ಸಿ ಕಾರ್ಡ್‌ನಲ್ಲಿ "ಮಂಜುನಾಥ ಬಿ". ಆಧಾರ್‌ನಲ್ಲಿ "ಮಂಜುನಾಥ್ ಬಸಪ್ಪ". ಪ್ಯಾನ್ ಅರ್ಜಿಯಲ್ಲಿ ಇನಿಷಿಯಲ್ ಬಿಡಿಸಿ ಬರೆಯಬೇಕಾದ್ದರಿಂದ ಅಲ್ಲಿ ಅಪ್ಪನ ಹೆಸರಿನ ಜೊತೆ ಊರಿನ ಹೆಸರೂ ಸೇರಿಕೊಂಡಿರುತ್ತದೆ. ಮೂರೂ ನೀವೇ, ಆದರೆ ಕಂಪ್ಯೂಟರ್‌ಗೆ ಮೂರು ಜನ. ಇದರಲ್ಲಿ ತಕ್ಷಣ ತೊಂದರೆ ಕೊಡುವುದು ಆಧಾರ್ ಮತ್ತು ಯುಎಎನ್ ನಡುವಿನ ವ್ಯತ್ಯಾಸ. ಅವೆರಡು ಹೊಂದದಿದ್ದರೆ ಹೊಸ ಕಂಪನಿ ಪಿಎಫ್ ಖಾತೆ ಜೋಡಿಸುವಾಗಲೇ ನಿಂತುಬಿಡುತ್ತದೆ. ಇಪಿಎಫ್‌ಒ ಸದಸ್ಯರ ಪೋರ್ಟಲ್‌ಗೆ ಹೋಗಿ ನಿಮ್ಮ ಪ್ರೊಫೈಲ್‌ನಲ್ಲಿ ಹೆಸರು, ಜನ್ಮದಿನಾಂಕ, ಸೇರಿದ ತಾರೀಖು ನೋಡಿ. ತಪ್ಪಿದ್ದರೆ ಈಗಿನ ಕಂಪನಿಯಲ್ಲಿ ಇರುವಾಗಲೇ ಸರಿಪಡಿಸಿಕೊಳ್ಳಿ. ಕೆಲವು ತಿದ್ದುಪಡಿಗೆ ಕಂಪನಿಯ ಒಪ್ಪಿಗೆ ಬೇಕಾಗುತ್ತದೆ, ಬಿಟ್ಟು ಹೋದವರ ಅರ್ಜಿ ಅಲ್ಲಿ ಯಾರಿಗೂ ತುರ್ತಲ್ಲ. ಅಂಕಪಟ್ಟಿಯ ಇನಿಷಿಯಲ್ ವ್ಯತ್ಯಾಸಕ್ಕೆ ನೋಟರಿ ಮುಂದೆ ಮಾಡಿಸಿದ "ಈ ಎರಡೂ ಹೆಸರು ಒಬ್ಬರದೇ" ಅನ್ನುವ ಅಫಿಡವಿಟ್ ಸಾಮಾನ್ಯವಾಗಿ ಸಾಕಾಗುತ್ತದೆ. ಆದರೂ ಸುಮ್ನೆ ಮಾಡಿಸಿ ದುಡ್ಡು ಕಳೆಯಬೇಡಿ. ಬೇಕಾ ಅಂತ ಮೊದಲು ಕೇಳಿ.

ಅದೇ ಪೋರ್ಟಲ್‌ನ ಸರ್ವಿಸ್ ಹಿಸ್ಟರಿಯಲ್ಲಿ ಇನ್ನೊಂದನ್ನೂ ನೋಡಿಕೊಳ್ಳಿ. ಈ ಕಂಪನಿಗೆ ಮೊದಲು ಎಲ್ಲೋ ನಾಲ್ಕು ತಿಂಗಳು ಮಾಡಿ ಬಿಟ್ಟ ಕೆಲಸ ರೆಸ್ಯೂಮೆಯಲ್ಲಿ ಬರೆದಿಲ್ಲದಿರಬಹುದು, ಆದರೆ ಪಿಎಫ್ ಕಟ್ಟಿದ್ದರೆ ಅಲ್ಲಿ ಇದ್ದೇ ಇರುತ್ತದೆ. ಹಾಗೇನಾದರೂ ಇದ್ದರೆ ಪರಿಶೀಲನೆಯ ಫಾರ್ಮ್ ತುಂಬುವ ಮೊದಲು ರಿಕ್ರೂಟರ್‌ಗೆ ಹೇಳಿಬಿಡಿ. ನೀವಾಗಿ ಹೇಳಿದರೆ ಅದೊಂದು ಮಾಹಿತಿ, ಅವರು ಹುಡುಕಿ ತೆಗೆದರೆ ಮುಚ್ಚಿಟ್ಟದ್ದು ಅಂತ ಆಗುತ್ತದೆ.

ಇಷ್ಟನ್ನೂ ಸೇರಿಸಿ ಒಂದೇ ಮೇಲ್ ಬರೆಯಿರಿ. ಇಂಗ್ಲಿಷ್‌ನಲ್ಲೇ ಬರೆಯುತ್ತೀರಿ ಅಂತ ಗೊತ್ತು, ಆದರೆ ಕ್ರಮ ಹೀಗಿರಲಿ. ವಿಷಯದ ಸಾಲಿನಲ್ಲಿ ನಿಮ್ಮ ಹೆಸರು, ಕ್ಯಾಂಡಿಡೇಟ್ ಐಡಿ ಮತ್ತು "ಜಾಯಿನಿಂಗ್ ವಿವರ" ಅಂತ ಹಾಕಿ. ಆಮೇಲೆ:

> ನಮಸ್ಕಾರ ಮೇಡಂ,
>
> ನಾನು ಆಫರ್ ಒಪ್ಪಿಕೊಂಡಿದ್ದೇನೆ, ಸೇರಲು ತಯಾರಿ ನಡೆಸಿದ್ದೇನೆ. ನನ್ನ ಈಗಿನ ಕಂಪನಿ ಕೊನೆಯ ಕೆಲಸದ ದಿನವನ್ನು ಸೆಪ್ಟೆಂಬರ್ 15 ಎಂದು ತಿಳಿಸಿದೆ. ಮೇಲ್ ಲಗತ್ತಿಸಿದ್ದೇನೆ. ಆಫರ್ ಲೆಟರ್‌ನಲ್ಲಿ ಜಾಯಿನಿಂಗ್ ಸೆಪ್ಟೆಂಬರ್ 14 ಎಂದಿದೆ, ಅಂದು ಗಣೇಶ ಹಬ್ಬದ ರಜೆಯೂ ಇದೆ. 15ರ ನಂತರ ನಿಮ್ಮಲ್ಲಿ ಸೇರಬಹುದಾದ ದಿನ ಯಾವುದು? ನನಗೆ 17 ಅನುಕೂಲ. ಒಪ್ಪಿಗೆಯಾದರೆ ಬದಲಾದ ತಾರೀಖಿನ ಆಫರ್ ಲೆಟರ್ ಅಥವಾ ಖಚಿತಪಡಿಸುವ ಮೇಲ್ ಕಳಿಸಿ.
>
> ರಿಲೀವಿಂಗ್ ಲೆಟರ್ ನನಗೆ ಅಕ್ಟೋಬರ್ 30ರ ಸುಮಾರಿಗೆ ಸಿಗುತ್ತದೆ. ಸೇರುವ ದಿನ ರಾಜೀನಾಮೆ ಒಪ್ಪಿಗೆ ಮೇಲ್ ಮತ್ತು ಮೂರು ತಿಂಗಳ ಪೇಸ್ಲಿಪ್ ಕೊಟ್ಟು, ಪತ್ರವನ್ನು ನವೆಂಬರ್ 10ರೊಳಗೆ ಕೊಡಬಹುದೇ?
>
> ದಾಖಲೆಗಳ ಪಟ್ಟಿಯನ್ನು, ಯಾವುದನ್ನು ಮೊದಲೇ ಅಪ್‌ಲೋಡ್ ಮಾಡಬೇಕು, ಯಾವುದರ ಅಸಲು ತರಬೇಕು ಅನ್ನುವ ವಿವರದೊಂದಿಗೆ ಕಳಿಸಿ. ನನ್ನ ಹತ್ತಿರ ಪಿಡಿಸಿ ಇದೆ, ಕಾನ್ವೊಕೇಶನ್ ಸರ್ಟಿಫಿಕೇಟ್ ಇಲ್ಲ. ಅಂಕಪಟ್ಟಿಯಲ್ಲಿ ಮತ್ತು ಆಧಾರ್‌ನಲ್ಲಿ ಇನಿಷಿಯಲ್ ವ್ಯತ್ಯಾಸ ಇದೆ. ಇವಕ್ಕೆ ಏನಾದರೂ ಬೇಕಿದ್ದರೆ ತಿಳಿಸಿ.
>
> ಸೆಪ್ಟೆಂಬರ್ ಸಂಬಳದ ಕಟ್‌ಆಫ್ ದಿನ, ಮೊದಲ ದಿನ ಬರಬೇಕಾದ ಕಚೇರಿಯ ವಿಳಾಸ, ಸಮಯ, ಮತ್ತು ಆನ್‌ಬೋರ್ಡಿಂಗ್‌ನವರ ಸಂಪರ್ಕ ಕೂಡ ದಯವಿಟ್ಟು ತಿಳಿಸಿ.

ಅಷ್ಟೇ. ಕ್ಷಮೆ ಕೇಳುವ ಸಾಲು ಬೇಡ, "ತೊಂದರೆ ಕೊಡುತ್ತಿದ್ದೇನೆ" ಅನ್ನುವುದೂ ಬೇಡ. ವಿಳಾಸ ಕೇಳಿದ್ದು ಯಾಕೆ ಅಂದರೆ, ಆಫರ್ ಲೆಟರ್‌ನಲ್ಲಿ ಬರೀ "ಬೆಂಗಳೂರು" ಅಂತ ಇರುತ್ತದೆ. ಕಂಪನಿಗೆ ವೈಟ್‌ಫೀಲ್ಡ್‌ನಲ್ಲೊಂದು, ಎಲೆಕ್ಟ್ರಾನಿಕ್ ಸಿಟಿಯಲ್ಲೊಂದು ಕಚೇರಿ ಇದ್ದರೆ ಬೆಳಗ್ಗೆ ಒಂಬತ್ತಕ್ಕೆ ಒಂದರಿಂದ ಇನ್ನೊಂದಕ್ಕೆ ಹೋಗುವುದು ಏನು ಅಂತ ನಿಮಗೆ ಹೇಳಬೇಕಾಗಿಲ್ಲ. ಕೆಲವೊಮ್ಮೆ ಸೇರುವ ಕಚೇರಿ ಒಂದು, ಆಮೇಲೆ ಕೂರುವ ಕಚೇರಿ ಇನ್ನೊಂದು. ಬಾಡಿಗೆ ಮನೆ ಬದಲಾಯಿಸುವ ಯೋಚನೆ ಇದ್ದರೆ ಎರಡನೆಯದನ್ನು ಕೇಳಿಯೇ ಬದಲಾಯಿಸಿ.

ಎರಡು ಕೆಲಸದ ದಿನ ಕಾಯಿರಿ. ಉತ್ತರ ಬರದಿದ್ದರೆ ಫೋನ್ ಮಾಡಿ. ಫೋನಿನಲ್ಲಿ ಹೇಳಿದ್ದನ್ನು ಅದೇ ಮೇಲ್‌ನ ಕೆಳಗೆ "ಇವತ್ತು ಮಾತಾಡಿದಂತೆ, ತಾರೀಖು 17, ಪತ್ರಕ್ಕೆ ನವೆಂಬರ್ 10" ಅಂತ ಬರೆದು ಕಳಿಸಿ. ಅವರಿಂದ ಒಂದು ಸಾಲಿನ "ಸರಿ" ಬಂದರೂ ಬರಹದಲ್ಲಿ ಬಂದಂತಾಯಿತು. ಅದಾದ ಮೇಲೆ ವಾರ ವಾರ ಕೇಳುತ್ತಾ ಹೋಗಬೇಡಿ. ಸೇರುವುದಕ್ಕೆ ಹತ್ತು ದಿನ ಇರುವಾಗ ಒಮ್ಮೆ "17ಕ್ಕೆ ಬರುತ್ತಿದ್ದೇನೆ, ಏನಾದರೂ ಬದಲಾಗಿದೆಯೇ" ಅಂತ ಕೇಳಿದರೆ ಸಾಕು. ಈ ಎರಡನೆಯ ಮೇಲ್ ಬಿಡಬೇಡಿ. ನಡುವೆ ರಿಕ್ರೂಟರೇ ಕೆಲಸ ಬಿಟ್ಟು ಹೋಗಿರುತ್ತಾರೆ, ನಿಮ್ಮ ಫೈಲ್ ಇನ್ನೊಬ್ಬರ ಕೈಗೆ ಹೋಗಿರುತ್ತದೆ. ಆಗ ನಿಮ್ಮ ಹಳೆಯ ಮೇಲ್ ಸರಣಿಯೇ ಹೊಸಬರಿಗೆ ಸಿಗುವ ಪೂರ್ತಿ ಮಾಹಿತಿ. ಕಂಪನಿಯೇ ತಾರೀಖು ಮುಂದೂಡಿತು ಅಂದರೆ "ಸರಿ" ಅನ್ನುವ ಮೊದಲು ಹೊಸ ತಾರೀಖು, ಕಾರಣ ಎರಡನ್ನೂ ಬರಹದಲ್ಲಿ ಕೇಳಿ. ಹೊಸ ತಾರೀಖು ಇಲ್ಲದ ಮುಂದೂಡಿಕೆ ಬಂದರೆ, ನಿಮ್ಮ ನೋಟಿಸ್ ಇನ್ನೂ ಮುಗಿದಿಲ್ಲದಿದ್ದರೆ, ಈಗಿನ ಮ್ಯಾನೇಜರ್ ಹತ್ತಿರ ಕೊನೆಯ ದಿನ ಮುಂದಕ್ಕೆ ಹಾಕಲು ಆಗುತ್ತದೆಯೇ ಅಂತ ಅದೇ ದಿನ ಕೇಳಿ.

ತೆರಿಗೆಯದ್ದು ಒಂದು ಮಾತು. ವರ್ಷದ ನಡುವೆ ಕೆಲಸ ಬದಲಾಯಿಸುತ್ತಿದ್ದೀರಿ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ಸಂಬಳ ಮತ್ತು ಕಟ್ ಆದ ಟಿಡಿಎಸ್ ವಿವರವನ್ನು ಹೊಸ ಪೇರೋಲ್‌ಗೆ ಕೊಡಿ. ಕೊಡದಿದ್ದರೆ ಇಬ್ಬರೂ ಬೇರೆ ಬೇರೆ ಲೆಕ್ಕ ಹಾಕಿ, ಹೊಸ ಪದ್ಧತಿಯ 75,000 ರೂಪಾಯಿ ಸ್ಟ್ಯಾಂಡರ್ಡ್ ಡಿಡಕ್ಷನ್ ಎರಡೆರಡು ಸಲ ಕಳೆಯುತ್ತಾರೆ, ಕಡಿಮೆ ಸ್ಲ್ಯಾಬ್‌ನ ಲಾಭವನ್ನೂ ಎರಡು ಸಲ ಕೊಡುತ್ತಾರೆ. ಕೈಗೆ ಬರುವ ಸಂಬಳ ಆಗ ಚೆನ್ನಾಗಿ ಕಾಣುತ್ತದೆ, ರಿಟರ್ನ್ ಹಾಕುವಾಗ ವ್ಯತ್ಯಾಸವನ್ನು ಬಡ್ಡಿ ಸಮೇತ ನೀವೇ ಕಟ್ಟಬೇಕು. ಇದನ್ನು ರಿಕ್ರೂಟರ್‌ಗೆ ಕೇಳಿ ಪ್ರಯೋಜನವಿಲ್ಲ. ಸೇರಿದ ವಾರ ಪೇರೋಲ್‌ನವರಿಗೆ ಕೇಳಿ.

ಹಳೆಯ ಕಂಪನಿಯ ಕೊನೆಯ ದಿನ ಸಂಜೆಯೊಳಗೆ ನಿಮ್ಮ ಲಾಗಿನ್ ಮುಚ್ಚುತ್ತದೆ. ಅದಕ್ಕೆ ಮೊದಲು ಎಲ್ಲ ಪೇಸ್ಲಿಪ್, ಫಾರ್ಮ್ 16, ಸಂಬಳ ಹೆಚ್ಚಳದ ಪತ್ರಗಳನ್ನು ಇಳಿಸಿಕೊಳ್ಳಿ. ರಾಜೀನಾಮೆ ಒಪ್ಪಿಗೆಯ ಮೇಲ್ ಅನ್ನು ಸ್ವಂತ ಐಡಿಗೆ ಕಳಿಸುವಂತೆ ಎಚ್‌ಆರ್‌ಗೇ ಹೇಳಿ. ಎಚ್‌ಆರ್ ಪೋರ್ಟಲ್‌ನ ನಿಮ್ಮ ಪ್ರೊಫೈಲ್‌ನಲ್ಲಿ ಸ್ವಂತ ಮೇಲ್ ಐಡಿ, ಮೊಬೈಲ್ ನಂಬರ್ ಸರಿ ಇದೆಯೇ ಅಂತಲೂ ನೋಡಿ. ಅಲ್ಲಿ ಕಾಲೇಜಿನಲ್ಲಿದ್ದಾಗ ಮಾಡಿಕೊಂಡ, ಪಾಸ್‌ವರ್ಡ್ ಮರೆತುಹೋದ ಐಡಿ ಇದ್ದರೆ, 45 ದಿನ ಕಾದ ಆ ರಿಲೀವಿಂಗ್ ಲೆಟರ್ ಅಲ್ಲಿಗೇ ಹೋಗಿ ಬೀಳುತ್ತದೆ.